ಸ್ನಾಯು ಬೆಳೆಯುವ ಎರಡು ದಾರಿ: ದಪ್ಪಕ್ಕೆ ಒಂದು ತಾಲೀಮು, ಉದ್ದಕ್ಕೆ ಇನ್ನೊಂದು

ವಿಜಯಪುರದಲ್ಲಿ ವೃಕ್ಷಥಾನ್ ಓಟ ಹತ್ತಿರ ಬಂತೆಂದರೆ ಬೆಳಗಿನ ಮೈದಾನಗಳಲ್ಲಿ ಹೊಸ ಮುಖಗಳು ಕಾಣುತ್ತವೆ. ಪೊಲೀಸ್, ಸೇನೆ ಭರ್ತಿಗೆ ತಯಾರಾಗುವ ಹುಡುಗರಂತೂ ವರ್ಷವಿಡೀ ಓಡುತ್ತಲೇ ಇರುತ್ತಾರೆ. ಅವರಲ್ಲಿ ಪದೇ ಪದೇ ಕೇಳುವ ಮಾತು ಒಂದಿದೆ: "ಜೋರಾಗಿ ಓಡಾಕ್ ಹೋದ್ನಿ, ತೊಡಿ ಹಿಂದ ಚಟ್ ಅಂತು ನೋಡ್ರಿ." ಹೀಗಂದವರಲ್ಲಿ ಜಿಮ್‌ಗೆ ಹೋಗಿ ಕಾಲು ಗಟ್ಟಿ ಮಾಡಿಕೊಂಡವರೂ ಇರುತ್ತಾರೆ. ಇಷ್ಟು ದಪ್ಪ ತೊಡೆ ಇದ್ದರೂ ಯಾಕೆ ಹೀಗೆ ಅಂತ ಅವರಿಗೇ ಆಶ್ಚರ್ಯ.

ಇದಕ್ಕೆ ಮೊಬೈಲ್‌ನಲ್ಲಿ ಬರುವ ಉತ್ತರ ಹೆಚ್ಚಾಗಿ ಒಂದೇ: ಮಂಡಿಯೂರಿ ನಿಧಾನಕ್ಕೆ ಮುಂದೆ ಬಾಗುವ ನಾರ್ಡಿಕ್ ಅನ್ನುವ ತಾಲೀಮು ಮಾಡಿ, ಸ್ನಾಯು ಉದ್ದ ಆಗುತ್ತದೆ. ಕೇಳಿದ ಕೂಡಲೇ ಅನುಮಾನ ಬರಬೇಕು. ಸ್ನಾಯುವಿನ ಎರಡು ತುದಿಗಳೂ ಮೂಳೆಗೆ ಅಂಟಿಕೊಂಡಿವೆ. ಮೂಳೆ ಬೆಳೆಯುವ ವಯಸ್ಸು ದಾಟಿದ ಮೇಲೆ ಆ ಎರಡು ತುದಿಗಳ ನಡುವಿನ ದೂರ ಬದಲಾಗುವುದಿಲ್ಲ. ಹಾಗಿದ್ದರೆ ಉದ್ದವಾಗುವುದು ಏನು?

ಉತ್ತರ ಬೇಕಾದರೆ ಸ್ನಾಯುವಿನ ಒಳಗೆ, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದು ತುಂಡನ್ನು ನೋಡಬೇಕು. ಅದರ ಹೆಸರು ಸಾರ್ಕೋಮಿಯರ್.

ಸಾರ್ಕೋಮಿಯರ್ ಅಂದರೆ ಏನು?

ಸ್ನಾಯುವನ್ನು ಬಿಡಿಸುತ್ತಾ ಹೋದರೆ ಮೊದಲು ಎಳೆಗಳ ಕಟ್ಟುಗಳು ಸಿಗುತ್ತವೆ. ಕಟ್ಟಿನೊಳಗೆ ಕೂದಲಿನಷ್ಟು ಅಥವಾ ಅದಕ್ಕಿಂತ ಸಣ್ಣಗಿರುವ ಎಳೆಗಳು. ಪ್ರತಿ ಎಳೆಯೂ ಒಂದು ಜೀವಕೋಶ. ಅದರೊಳಗೆ ಇನ್ನೂ ಸಣ್ಣ ನೂಲುಗಳು ನೂರಾರು, ಸಾವಿರಾರು ಇರುತ್ತವೆ. ಈ ನೂಲುಗಳಿಗೆ ಮಯೋಫೈಬ್ರಿಲ್ ಅನ್ನುತ್ತಾರೆ. ಒಂದೊಂದರ ದಪ್ಪ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ.

ಈ ನೂಲಿನ ಉದ್ದಕ್ಕೂ ಒಂದರ ತುದಿಗೆ ಇನ್ನೊಂದು ಅಂಟಿಕೊಂಡು ಕೂತಿರುವ ತುಂಡುಗಳೇ ಸಾರ್ಕೋಮಿಯರ್‌ಗಳು. ಒಂದೊಂದರ ಉದ್ದ ಸುಮಾರು 2ರಿಂದ 3 ಮೈಕ್ರಾನ್. ಅದರೊಳಗೆ ಎರಡು ಬಗೆಯ ತಂತುಗಳಿವೆ. ನಡುವೆ ಇರುವ ದಪ್ಪ ತಂತು ಮಯೋಸಿನ್, ಎರಡೂ ಬದಿಯಿಂದ ಒಳಗೆ ಚಾಚಿರುವ ತೆಳು ತಂತು ಆಕ್ಟಿನ್. ಮಯೋಸಿನ್‌ನ ಪುಟ್ಟ ಕೈಗಳು ಆಕ್ಟಿನ್ ಅನ್ನು ಹಿಡಿದು ಒಳಗೆ ಎಳೆದಾಗ ತುಂಡು ಗಿಡ್ಡವಾಗುತ್ತದೆ. ತಂತುಗಳು ಕುಗ್ಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಇದನ್ನು 1954ರಲ್ಲಿ ಎರಡು ತಂಡಗಳು ಒಟ್ಟಿಗೇ ಪ್ರಕಟಿಸಿದವು: ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಇಬ್ಬರೂ ಹಕ್ಸ್‌ಲಿಗಳು, ಆದರೆ ಸಂಬಂಧಿಕರಲ್ಲ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಸಾರ್ಕೋಮಿಯರ್‌ನ ಶಕ್ತಿ ಅದರ ಉದ್ದದ ಮೇಲೆ ನಿಂತಿದೆ. ಎರಡು ತಂತುಗಳು ಚೆನ್ನಾಗಿ ಒಂದರ ಮೇಲೊಂದು ಬಂದಿರುವಾಗ ಪೂರ್ತಿ ಬಲ ಸಿಗುತ್ತದೆ. ಮನುಷ್ಯರಲ್ಲಿ ಅದು ಸುಮಾರು 2.6ರಿಂದ 2.8 ಮೈಕ್ರಾನ್ ಉದ್ದದಲ್ಲಿ. ಅದಕ್ಕಿಂತ ಹಿಗ್ಗಿಸಿದರೆ ಹಿಡಿಯಲು ಸಿಗುವ ಜಾಗ ಕಡಿಮೆಯಾಗುತ್ತಾ ಹೋಗುತ್ತದೆ. ಸುಮಾರು 4.2 ಮೈಕ್ರಾನ್‌ಗೆ ಬಂದಾಗ ತಂತುಗಳು ಬಿಟ್ಟೇ ಹೋಗುತ್ತವೆ, ಎಳೆಯುವ ಬಲ ಸೊನ್ನೆ. ತೀರಾ ಗಿಡ್ಡವಾದರೂ ತಂತುಗಳು ಒಂದಕ್ಕೊಂದು ಅಡ್ಡ ಬಂದು ಬಲ ಕುಸಿಯುತ್ತದೆ.

ಸಾಲಾಗಿ ಸೇರಿಸುವುದು, ಅಕ್ಕಪಕ್ಕ ಸೇರಿಸುವುದು

ಹತ್ತು ಹುಡುಗರು ಕೈ ಕೈ ಹಿಡಿದು ಒಂದೇ ಸಾಲಿನಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಸಾಲಿನ ಒಂದು ತುದಿ ಕಂಬಕ್ಕೆ ಕಟ್ಟಿದೆ, ಇನ್ನೊಂದು ತುದಿಯವನ ಕೈಯಲ್ಲಿ ಒಂದು ಗಾಡಿ. ಎಲ್ಲರೂ ಒಟ್ಟಿಗೆ ಮೊಣಕೈ ಮಡಿಸಿದರು. ಒಬ್ಬೊಬ್ಬರಿಂದ ಸಾಲು ಅರ್ಧ ಅಡಿ ಗಿಡ್ಡವಾದರೆ ಗಾಡಿ ಐದು ಅಡಿ ಮುಂದೆ ಬರುತ್ತದೆ, ಅದೂ ಒಬ್ಬ ಮೊಣಕೈ ಮಡಿಸುವಷ್ಟೇ ಸಮಯದಲ್ಲಿ. ಆದರೆ ಗಾಡಿಗೆ ಸಿಗುವ ಬಲ ಒಬ್ಬ ಹುಡುಗನದು ಮಾತ್ರ. ಈಗ ಅದೇ ಹತ್ತು ಜನ ಅಕ್ಕಪಕ್ಕ ನಿಂತು ಗಾಡಿಗೆ ನೇರ ಕೈ ಹಾಕಿದರೆ ಬಲ ಹತ್ತು ಪಟ್ಟು. ಗಾಡಿ ಬರುವುದು ಅರ್ಧ ಅಡಿ ಅಷ್ಟೇ.

ಸ್ನಾಯುವಿನಲ್ಲೂ ಇಷ್ಟೇ. ಹೊಸ ಸಾರ್ಕೋಮಿಯರ್‌ಗಳು ಅಕ್ಕಪಕ್ಕ, ಅಂದರೆ ಹೊಸ ನೂಲುಗಳಾಗಿ ಸೇರಿದರೆ ಎಳೆ ದಪ್ಪವಾಗುತ್ತದೆ, ಬಲ ಹೆಚ್ಚುತ್ತದೆ. ಜಿಮ್‌ನ ಕನ್ನಡಿಯಲ್ಲಿ ಕಾಣುವುದು ಹೆಚ್ಚಾಗಿ ಇದೇ. ಹೊಸ ತುಂಡುಗಳು ಸಾಲಿನ ಉದ್ದಕ್ಕೆ ಸೇರಿದರೆ ಎಳೆ ಉದ್ದವಾಗುತ್ತದೆ, ಹೆಚ್ಚು ದೂರ ಮತ್ತು ಹೆಚ್ಚು ವೇಗವಾಗಿ ಕುಗ್ಗಬಲ್ಲದು. 100 ಮೀಟರ್ ಓಟಗಾರರ ತೊಡೆಯಲ್ಲಿ ಎಳೆಗಳ ಕಟ್ಟು ದೂರದ ಓಟಗಾರರಿಗಿಂತ ಉದ್ದ ಇರುವುದನ್ನು ಅಳೆದು ನೋಡಿದ್ದಾರೆ. ಹುಟ್ಟಿನಿಂದ ಬಂದದ್ದೆಷ್ಟು, ತಾಲೀಮಿನಿಂದ ಬಂದದ್ದೆಷ್ಟು ಅನ್ನುವುದು ಆ ಅಳತೆಯಿಂದ ಗೊತ್ತಾಗುವುದಿಲ್ಲ.

ಮೂಳೆಗಳ ನಡುವಿನ ದೂರ ಅಷ್ಟೇ ಇದ್ದರೂ ಸಾಲಿನಲ್ಲಿ ತುಂಡುಗಳು ಹೆಚ್ಚಾಗಬಹುದು. ಆಗ ಪ್ರತಿ ತುಂಡೂ ಸ್ವಲ್ಪ ಕಡಿಮೆ ಹಿಗ್ಗಿ ಕೂರುತ್ತದೆ. ಮೊಬೈಲ್‌ನಲ್ಲಿ ಹೇಳುವ 'ಉದ್ದ ಸ್ನಾಯು'ವಿನ ನಿಜವಾದ ಅರ್ಥ ಇಷ್ಟು.

ಲೆಕ್ಕ ಹಾಕಿ ನೋಡೋಣ

ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ತೆಗೆದುಕೊಳ್ಳೋಣ. ಅಲ್ಲಿನ ಒಂದು ಎಳೆಯ ಉದ್ದ 10 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ, ಒಂದು ಸಾರ್ಕೋಮಿಯರ್ 2.7 ಮೈಕ್ರಾನ್. 10 ಸೆಂಟಿಮೀಟರ್ ಅಂದರೆ ಒಂದು ಲಕ್ಷ ಮೈಕ್ರಾನ್. ಭಾಗಿಸಿದರೆ ಒಂದು ಸಾಲಿನಲ್ಲಿ ಸುಮಾರು 37,000 ತುಂಡುಗಳು.

ಓಡುವಾಗ ಕಾಲು ಮುಂದೆ ಬೀಸಿ, ಪಾದ ನೆಲಕ್ಕೆ ತಾಗುವ ಸ್ವಲ್ಪ ಮುಂಚೆ ಮಂಡಿ ನೆಟ್ಟಗಾಗುತ್ತದೆ. ಆ ಕ್ಷಣದಲ್ಲಿ ಹ್ಯಾಮ್‌ಸ್ಟ್ರಿಂಗ್ ಹಿಗ್ಗುತ್ತಲೇ ಕಾಲಿಗೆ ಬ್ರೇಕ್ ಹಾಕಬೇಕು. ವೇಗದ ಓಟದಲ್ಲಿ ತೊಡೆ ಹಿಡಿಯುವುದು ಹೆಚ್ಚಾಗಿ ಇಲ್ಲೇ. ಈಗ ನಮ್ಮ ಎಳೆ 3 ಸೆಂಟಿಮೀಟರ್ ಹಿಗ್ಗಿ 13 ಸೆಂಟಿಮೀಟರ್ ಆಯಿತು ಅನ್ನೋಣ. ಪ್ರತಿ ತುಂಡಿನ ಉದ್ದ 3.5 ಮೈಕ್ರಾನ್. ಮೇಲೆ ಹೇಳಿದ ಲೆಕ್ಕದಂತೆ ಅಲ್ಲಿ ತಂತುಗಳ ಹಿಡಿತ ಅರ್ಧಕ್ಕೆ ಇಳಿದಿರುತ್ತದೆ. 100 ಇದ್ದ ಬಲ ಸುಮಾರು 50. ಬ್ರೇಕ್ ಬೇಕೇ ಬೇಕಾದ ಹೊತ್ತಿಗೆ ಅರ್ಧ ಬ್ರೇಕ್.

ಒಬ್ಬನು ದಪ್ಪದ ತಾಲೀಮು ಮಾಡಿ ನೂಲುಗಳನ್ನು 10% ಹೆಚ್ಚಿಸಿಕೊಂಡ. ಪೂರ್ತಿ ಬಲ 110 ಆಯಿತು. ಆದರೆ ಸಾಲಿನ ತುಂಡುಗಳು ಮೊದಲಿನ 37,000 ತಾನೇ? ಹಿಗ್ಗಿದಾಗ ಅವು ಮತ್ತೆ 3.5ಕ್ಕೇ ಹೋಗುತ್ತವೆ. 110ರ ಅರ್ಧ, ಅಂದರೆ 55. ಲಾಭ ಇದೆ, ಆದರೆ ಸ್ವಲ್ಪ.

ಇನ್ನೊಬ್ಬನು ಅದೇ 10% ಅನ್ನು ಸಾಲಿಗೆ ಸೇರಿಸಿಕೊಂಡ. ಈಗ 40,700 ತುಂಡುಗಳು. 13 ಸೆಂಟಿಮೀಟರಿಗೆ ಹಿಗ್ಗಿದಾಗ ಒಂದೊಂದರ ಪಾಲಿಗೆ 3.2 ಮೈಕ್ರಾನ್ ಮಾತ್ರ. ಆ ಉದ್ದದಲ್ಲಿ ಬಲ 70ಕ್ಕಿಂತ ಸ್ವಲ್ಪ ಜಾಸ್ತಿಯೇ ಉಳಿದಿರುತ್ತದೆ. ತೊಡೆಯ ಸುತ್ತಳತೆ ನೋಡಿದರೆ ಇವನು ಮೊದಲನೆಯವನಿಗಿಂತ ಸಣ್ಣ ಕಾಣಬಹುದು. ಆದರೆ ಹಿಗ್ಗಿದ ಜಾಗದಲ್ಲಿ ಇವನದೇ ಮೇಲುಗೈ.

ಇದಕ್ಕೂ ಬೆಲೆ ಇದೆ. ಸ್ನಾಯು ಪೂರ್ತಿ ಗಿಡ್ಡವಾದ ಸ್ಥಿತಿಯಲ್ಲಿ, ಉದಾಹರಣೆಗೆ ಮಂಡಿ ಪೂರ್ತಿ ಮಡಚಿದಾಗ, ಇವನ ತುಂಡುಗಳು ಅಗತ್ಯಕ್ಕಿಂತ ಗಿಡ್ಡವಾಗಿ ಅಲ್ಲಿ ಬಲ ಕಳೆದುಕೊಳ್ಳುತ್ತವೆ. ಇನ್ನೊಂದು ಮಾತು: ಇಲ್ಲಿ ಹಿಡಿದದ್ದು ಬರೀ ತಂತುಗಳ ಹಿಡಿತದ ಲೆಕ್ಕ. ನಿಜವಾದ ಸ್ನಾಯುವಿನಲ್ಲಿ ಟೈಟಿನ್ ಅನ್ನುವ ಸ್ಪ್ರಿಂಗ್ ತರದ ಪ್ರೋಟೀನು, ಸ್ನಾಯುರಜ್ಜು ಎಲ್ಲವೂ ಹಿಗ್ಗುವಿಕೆಯಲ್ಲಿ ಪಾಲು ಹೊರುತ್ತವೆ. ಹೋಲಿಸಲು ಮಾತ್ರ ಈ ಅಂಕಿಗಳನ್ನು ಬಳಸಿ.

ಯಾವ ತಾಲೀಮು ಯಾವುದನ್ನು ಸೇರಿಸುತ್ತದೆ?

ಮೊದಲ ಸುಳಿವು ಪ್ರಾಣಿಗಳಿಂದ ಸಿಕ್ಕಿತು. 1972ರಲ್ಲಿ ತಬಾರಿ ಮತ್ತು ಸಂಗಡಿಗರು ಬೆಕ್ಕಿನ ಕಾಲಿಗೆ ಪ್ಲಾಸ್ಟರ್ ಹಾಕಿ ಮೀನಖಂಡದ ಸ್ನಾಯುವನ್ನು ವಾರಗಟ್ಟಲೆ ಒಂದೇ ಸ್ಥಿತಿಯಲ್ಲಿ ಇಟ್ಟರು. ಹಿಗ್ಗಿಸಿ ಕಟ್ಟಿದಾಗ ಸಾಲಿನ ತುಂಡುಗಳು ಸುಮಾರು 20% ಹೆಚ್ಚಾದವು. ಗಿಡ್ಡ ಮಾಡಿ ಕಟ್ಟಿದಾಗ ಸುಮಾರು 40% ಕಡಿಮೆಯಾದವು. ಪ್ಲಾಸ್ಟರ್ ಬಿಚ್ಚಿದ ಮೇಲೆ ವಾರಗಳಲ್ಲಿ ಮೊದಲಿನಂತಾದವು. ಸ್ನಾಯು ಯಾವ ಉದ್ದದಲ್ಲಿ ಬದುಕುತ್ತದೋ ಆ ಉದ್ದಕ್ಕೆ ತಕ್ಕಂತೆ ತುಂಡುಗಳನ್ನು ಕಟ್ಟುತ್ತದೆ, ಕೆಡವುತ್ತದೆ. ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರ ಕೀಲು ಬಿಗಿಯಾಗುವುದಕ್ಕೆ ಇದೂ ಒಂದು ಕಾರಣ.

ಮುಂದಿನ ಸುಳಿವು ಇಲಿಗಳದು. 1994ರಲ್ಲಿ ಆಸ್ಟ್ರೇಲಿಯಾದ ಲಿನ್ ಮತ್ತು ಮೋರ್ಗನ್ ಕೆಲವು ಇಲಿಗಳನ್ನು ಏರಿನಲ್ಲಿ, ಕೆಲವನ್ನು ಇಳಿಜಾರಿನಲ್ಲಿ ಓಡಿಸಿದರು. ಇಳಿದ ಇಲಿಗಳ ತೊಡೆಯ ಮುಂಭಾಗದ ಸ್ನಾಯುವಿನಲ್ಲಿ ಸಾಲಿನ ತುಂಡುಗಳು ಜಾಸ್ತಿ ಇದ್ದವು. ಕಾರಣ, ಇಳಿಯುವಾಗ ತೊಡೆಯ ಸ್ನಾಯು ಭಾರ ತಡೆಯುತ್ತಾ ಹಿಗ್ಗುತ್ತದೆ, ಏರುವಾಗ ಗಿಡ್ಡವಾಗುತ್ತದೆ. ಬಾದಾಮಿ ಗುಡ್ಡ ಹತ್ತಿ ಇಳಿದವರಿಗೆ ಮರುದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲು ಆಗುವುದಿಲ್ಲವಲ್ಲ, ಆ ನೋವು ಹೆಚ್ಚಾಗಿ ಹತ್ತಿದ್ದರಿಂದ ಅಲ್ಲ, ಇಳಿದದ್ದರಿಂದ. ಹೀಗೆ ಹಿಗ್ಗುತ್ತಾ ಭಾರ ತಡೆಯುವ ಕೆಲಸಕ್ಕೆ ಎಕ್ಸೆಂಟ್ರಿಕ್ ಅನ್ನುತ್ತಾರೆ. ಗಿಡ್ಡವಾಗುತ್ತಾ ಭಾರ ಎತ್ತುವುದು ಕಾನ್ಸೆಂಟ್ರಿಕ್. ಮೋರ್ಗನ್ ಅವರ ವಾದದ ಪ್ರಕಾರ ಹಿಗ್ಗುವಾಗ ಬಲ ಕಡಿಮೆ ಇರುವ ಕೆಲವು ತುಂಡುಗಳು ಮಿತಿ ಮೀರಿ ಎಳೆದುಕೊಂಡು ಕೆಡುತ್ತವೆ. ಅದನ್ನು ಸರಿಪಡಿಸುವಾಗ ಸ್ನಾಯು ಸಾಲಿಗೆ ಹೊಸ ತುಂಡು ಸೇರಿಸುತ್ತದೆ. ಇದೊಂದರಿಂದಲೇ ಎಲ್ಲವನ್ನೂ ವಿವರಿಸಲು ಆಗುವುದಿಲ್ಲ, ಆದರೆ ಸದ್ಯಕ್ಕೆ ಕೆಲಸಕ್ಕೆ ಬರುವ ವಿವರಣೆ.

ಮನುಷ್ಯರಲ್ಲಿ ಸ್ಪಷ್ಟವಾಗಿ ಕಾಣುವ ಪ್ರಯೋಗ 2014ರದು. ಫ್ರಾಂಕಿ ಮತ್ತು ತಂಡ 10 ವಾರ ಲೆಗ್ ಪ್ರೆಸ್ ಮಾಡಿಸಿತು. ಒಂದು ಗುಂಪು ಎತ್ತುವ ಕೆಲಸ ಮಾತ್ರ ಮಾಡಿತು, ಇನ್ನೊಂದು ಇಳಿಸುವ ಕೆಲಸ ಮಾತ್ರ. ತೊಡೆ ಸ್ನಾಯುವಿನ ಗಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬೆಳೆಯಿತು, 6ರಿಂದ 8%. ಬೆಳೆದ ರೀತಿ ಮಾತ್ರ ಬೇರೆ. ಇಳಿಸಿದವರ ಎಳೆಕಟ್ಟು 12% ಉದ್ದವಾಯಿತು, ಎತ್ತಿದವರದು 5%. ಎತ್ತಿದವರಲ್ಲಿ ಎಳೆಗಳು ಓರೆಯಾಗಿ ನಿಲ್ಲುವ ಕೋನ 30% ಹೆಚ್ಚಿತು, ಇಳಿಸಿದವರಲ್ಲಿ 5%. ಎಳೆಗಳು ದಪ್ಪವಾಗಿ ಅದೇ ಜಾಗದಲ್ಲಿ ಹೆಚ್ಚು ತುಂಬಿಕೊಳ್ಳಬೇಕಾದಾಗ ಅವು ಹೆಚ್ಚು ಓರೆಯಾಗುತ್ತವೆ. ಹಾಗಾಗಿ ಆ ಕೋನ ಅಕ್ಕಪಕ್ಕದ ಬೆಳವಣಿಗೆಯ ಗುರುತು.

ಸ್ನಾಯು ಎಷ್ಟು ಹಿಗ್ಗಿದ ಸ್ಥಿತಿಯಲ್ಲಿ ದುಡಿಯುತ್ತದೆ ಅನ್ನುವುದೂ ಮುಖ್ಯ. ಸೈಕ್ಲಿಂಗ್‌ಗೆ ಹೆಸರಾದ ನಮ್ಮ ವಿಜಯಪುರ, ಬಾಗಲಕೋಟೆಗೆ ಇದು ಹತ್ತಿರದ ವಿಷಯ. 1991ರಲ್ಲಿ ಹರ್ಜೋಗ್ ಮತ್ತು ಸಂಗಡಿಗರು ಸೈಕಲ್ ಸವಾರರನ್ನೂ ಓಟಗಾರರನ್ನೂ ಹೋಲಿಸಿದರು. ತೊಡೆಯ ಮುಂಭಾಗದಲ್ಲಿ ಸೊಂಟದಿಂದ ಮಂಡಿವರೆಗೆ ಹೋಗುವ ರೆಕ್ಟಸ್ ಫೆಮೊರಿಸ್ ಸ್ನಾಯು ಸೈಕಲ್ ಸವಾರರಲ್ಲಿ ಗಿಡ್ಡವಾದ ಸ್ಥಿತಿಯಲ್ಲಿ ಬಲವಾಗಿತ್ತು, ಓಟಗಾರರಲ್ಲಿ ಹಿಗ್ಗಿದ ಸ್ಥಿತಿಯಲ್ಲಿ. ಸೈಕಲ್ ಮೇಲೆ ಸೊಂಟ ಸದಾ ಬಾಗಿರುವುದರಿಂದ ಆ ಸ್ನಾಯು ಗಿಡ್ಡವಾಗಿಯೇ ದುಡಿಯುತ್ತದೆ. ಓಡುವಾಗ ಕಾಲು ಹಿಂದೆ ಹೋದಂತೆ ಅದು ಹಿಗ್ಗುತ್ತದೆ. ಅವರವರ ಕೆಲಸಕ್ಕೆ ಅದೇ ಸರಿ. ಹಾಗಾಗಿ ಸೈಕಲ್‌ನಲ್ಲಿ ದಮ್ಮು ಕಟ್ಟಿಕೊಂಡ ಹುಡುಗ "ಉಸಿರು ಸಾಕಷ್ಟೈತಿ" ಅಂತ ನೇರವಾಗಿ ವೇಗದ ಓಟಕ್ಕೆ ಇಳಿಯಬಾರದು. ಎದೆ ತಯಾರಿದ್ದರೂ ಸ್ನಾಯುವಿನ ಉದ್ದ ತಯಾರಿರುವುದಿಲ್ಲ.

ಸುಮ್ನೆ ಕಾಲು ಚಾಚಿ ಸ್ಟ್ರೆಚ್ ಮಾಡಿದರೆ ಸಾಲದೇ? ಕೆಲವು ವಾರ ದಿನಕ್ಕೆ ಕೆಲವು ನಿಮಿಷ ಮಾಡುವ ಸ್ಟ್ರೆಚಿಂಗ್‌ನಿಂದ ಎಳೆಕಟ್ಟಿನ ಉದ್ದ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಕೈ ಪಾದಕ್ಕೆ ಮುಟ್ಟುವುದು ಹೆಚ್ಚಾಗಿ ಎಳೆತದ ನೋವನ್ನು ತಡೆಯುವ ಶಕ್ತಿ ಬೆಳೆದದ್ದರಿಂದ. ಬೆಕ್ಕಿಗೆ ಪ್ಲಾಸ್ಟರ್ ಹಗಲು ರಾತ್ರಿ ಇತ್ತು, ನಮಗೆ ಅಷ್ಟು ಹೊತ್ತು ಆಗುವುದಿಲ್ಲ. ಸಮಯದ ಆ ಕೊರತೆಯನ್ನು ಭಾರ ತುಂಬುತ್ತದೆ.

ಅಳತೆಯಲ್ಲಿ ಒಂದು ಬಲೆ

ಮನುಷ್ಯರ ಮೇಲಿನ ಹೆಚ್ಚಿನ ಅಧ್ಯಯನಗಳು ಅಲ್ಟ್ರಾಸೌಂಡ್‌ನಲ್ಲಿ ಎಳೆಕಟ್ಟಿನ ಉದ್ದ ಅಳೆಯುತ್ತವೆ. ಅದರಲ್ಲಿ ಸಾರ್ಕೋಮಿಯರ್ ಕಾಣುವುದಿಲ್ಲ. ಎಳೆಕಟ್ಟು ಉದ್ದವಾಯಿತು ಅಂದರೆ ತುಂಡುಗಳ ಸಂಖ್ಯೆ ಹೆಚ್ಚಿರಬಹುದು, ಅಥವಾ ಇದ್ದ ತುಂಡುಗಳೇ ಹಿಗ್ಗಿ ಕೂತಿರಬಹುದು. ನಮ್ಮ ಹತ್ತು ಹುಡುಗರ ಸಾಲು ಉದ್ದವಾಗಲು ಹನ್ನೊಂದನೆಯವನೇ ಬರಬೇಕಂತಿಲ್ಲ, ಇದ್ದವರು ಕೈ ಚಾಚಿದರೂ ಆಗುತ್ತದೆ.

ಚರ್ಮದ ಮೂಲಕ ತೆಳು ಸೂಜಿ ಹಾಕಿ, ಜೀವಂತ ಸ್ನಾಯುವಿನಲ್ಲೇ ಸಾರ್ಕೋಮಿಯರ್ ನೋಡುವ ಸೂಕ್ಷ್ಮದರ್ಶಕ ಬಂದ ಮೇಲೆ ಇದನ್ನು ಪರೀಕ್ಷಿಸಲು ಸಾಧ್ಯವಾಯಿತು. 2022ರಲ್ಲಿ ಪ್ರಕಟವಾದ ಪಿಂಚೇರಾ ತಂಡದ ಕೆಲಸದಲ್ಲಿ 3 ವಾರ ನಾರ್ಡಿಕ್ ಮಾಡಿದವರ ಎಳೆಕಟ್ಟು ಉದ್ದವಾಗಿತ್ತು. ಆದರೆ ಒಳಗೆ ನೋಡಿದರೆ ತುಂಡುಗಳೇ ಹಿಗ್ಗಿದ್ದವು, ಸಂಖ್ಯೆ ಹೆಚ್ಚಿರಲಿಲ್ಲ. ನಂತರ ಅದೇ ಬಗೆಯ ತಾಲೀಮನ್ನು 9 ವಾರ ಮಾಡಿಸಿ ನೋಡಿದಾಗ ಸಂಖ್ಯೆಯೇ ಹೆಚ್ಚಿರುವುದು ಕಂಡಿತು. ಹಾಗಾಗಿ ಎರಡು ಮೂರು ವಾರದಲ್ಲಿ ಸ್ನಾಯು ಉದ್ದವಾಯಿತು ಅನ್ನುವ ಮಾತನ್ನು ನಂಬಬೇಡಿ. ಆಗ ಕಾಣುವ ಬದಲಾವಣೆ ಬೇರೆ, ಎರಡು ತಿಂಗಳ ಮೇಲೆ ಕಾಣುವುದು ಬೇರೆ.

ನಾರ್ಡಿಕ್ ಮಾಡುವುದು ಹೇಗೆ?

ಮಂಡಿಯ ಕೆಳಗೆ ಮೆತ್ತಗೆ ಏನಾದರೂ ಹಾಕಿ ಮಂಡಿಯೂರಿ. ಗೆಳೆಯನೊಬ್ಬ ಹಿಂದಿನಿಂದ ಎರಡೂ ಹಿಮ್ಮಡಿ ಗಟ್ಟಿಯಾಗಿ ಒತ್ತಿ ಹಿಡಿಯಲಿ. ಮಂಡಿಯಿಂದ ತಲೆವರೆಗೆ ಮೈ ಒಂದೇ ಗೆರೆಯಲ್ಲಿ ಇಟ್ಟುಕೊಂಡು ನಿಧಾನಕ್ಕೆ ಮುಂದೆ ಬಾಗಿ. ಎಷ್ಟು ಹೊತ್ತು ತಡೆಯಲು ಆಗುತ್ತದೋ ಅಷ್ಟು ಹೊತ್ತು ತಡೆಯಿರಿ. ಕೊನೆಗೆ ಕೈಯೂರಿ ನೆಲಕ್ಕೆ ಬಿದ್ದು, ಕೈಯಿಂದಲೇ ತಳ್ಳಿಕೊಂಡು ಮೇಲೆ ಬನ್ನಿ. ಕಾಲಿನ ಬಲದಿಂದ ಏಳಬೇಕಿಲ್ಲ, ಇಳಿಯುವುದೇ ಇಲ್ಲಿನ ಕೆಲಸ.

2004ರಲ್ಲಿ ನಾರ್ವೆಯಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ಪರೀಕ್ಷಿಸಿದ 10 ವಾರದ ಕ್ರಮ ಇಂದಿಗೂ ಚಾಲ್ತಿಯಲ್ಲಿದೆ. ಮೊದಲ ವಾರ ಒಂದೇ ದಿನ, 5 ಸಲದ 2 ಸೆಟ್. ಎರಡನೇ ವಾರ ಎರಡು ದಿನ, 6 ಸಲದ 2 ಸೆಟ್. ಮೂರನೇ ವಾರದಿಂದ ವಾರಕ್ಕೆ ಮೂರು ದಿನ, 3 ಸೆಟ್, ಸಂಖ್ಯೆ ಮೆಲ್ಲಗೆ ಏರುತ್ತದೆ. ಐದನೇ ವಾರದಿಂದ 12, 10, 8 ಸಲದ ಮೂರು ಸೆಟ್. ಶುರುವಿನಲ್ಲಿ ಇಷ್ಟು ಕಡಿಮೆ ಯಾಕೆ ಅಂತ ಅನ್ನಿಸುವುದು ಸಹಜ. ಹೊಸಬರು ಮೊದಲ ದಿನವೇ ಮೂವತ್ತು ಸಲ ಮಾಡಿದರೆ ನಾಲ್ಕೈದು ದಿನ ಕಾಲು ಮಡಚಲು ಆಗದಷ್ಟು ನೋವು ಬರುತ್ತದೆ, ತಾಲೀಮು ಅಲ್ಲಿಗೇ ನಿಲ್ಲುತ್ತದೆ.

ಹೆಚ್ಚಾಗಿ ಆಗುವ ತಪ್ಪು ಎರಡು. ಸೊಂಟ ಹಿಂದೆ ತಳ್ಳಿ ಬಾಗುವುದು ಒಂದು, ಆಗ ಭಾರ ಹಗುರಾಗುತ್ತದೆ. ಶುರುವಿನಲ್ಲೇ ಕೈಬಿಟ್ಟು ದೊಪ್ಪನೆ ಬೀಳುವುದು ಇನ್ನೊಂದು, ಆಗ ಸ್ನಾಯು ಹಿಗ್ಗಿದ ಸ್ಥಿತಿಯಲ್ಲಿ ದುಡಿಯುವುದೇ ಇಲ್ಲ. ಪ್ರಗತಿ ಗೊತ್ತಾಗಲು ಪಕ್ಕದಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆಯಿರಿ. ನೀವು ಹಿಡಿತ ತಪ್ಪಿ ಬೀಳುವ ಜಾಗ ವಾರ ಕಳೆದಂತೆ ನೆಲಕ್ಕೆ ಹತ್ತಿರವಾಗಬೇಕು. ಅಷ್ಟರಿಂದ ಸಾರ್ಕೋಮಿಯರ್ ಸೇರಿದವೋ, ನರಗಳು ಚುರುಕಾದವೋ ಹೇಳಲಾಗದು. ಹಿಗ್ಗಿದ ಜಾಗದಲ್ಲಿ ಬಲ ಬಂದಿದೆ ಅನ್ನುವುದು ಮಾತ್ರ ಖಚಿತ. ಈ ತಾಲೀಮು ಸೇರಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಅರ್ಧದಷ್ಟು ಕಡಿಮೆಯಾಗಿರುವುದು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಕಂಡಿದೆ.

ಹಾಗಂತ ದಪ್ಪದ ತಾಲೀಮು ಬಿಡಬೇಕಿಲ್ಲ. ಸ್ಕ್ವಾಟ್, ಡೆಡ್‌ಲಿಫ್ಟ್‌ನಲ್ಲಿ ಭಾರ ಎತ್ತುವುದೂ ಇದೆ, ಇಳಿಸುವುದೂ ಇದೆ. ಎತ್ತಿದ ಮೇಲೆ ಭಾರವನ್ನು ಧಡ್ ಅಂತ ಕೆಳಗೆ ಬಿಡುವ ಅಭ್ಯಾಸ ನಮ್ಮ ಜಿಮ್‌ಗಳಲ್ಲಿ ಜಾಸ್ತಿ. ಎರಡು ಮೂರು ಸೆಕೆಂಡ್ ತೆಗೆದುಕೊಂಡು, ಪೂರ್ತಿ ಆಳಕ್ಕೆ ಇಳಿಸಿದರೆ ಒಂದೇ ತಾಲೀಮಿನಲ್ಲಿ ಎರಡೂ ಬಗೆಯ ಕೆಲಸ ಸಿಗುತ್ತದೆ. ಈಗಾಗಲೇ ತೊಡೆ ಹಿಡಿದು ಕುಂಟುತ್ತಿರುವವರು ಮಾತ್ರ ಫಿಸಿಯೋಥೆರಪಿಸ್ಟ್ ನೋಡದೆ ನಾರ್ಡಿಕ್‌ಗೆ ಕೈ ಹಾಕಬಾರದು.

ಓಟದ ದಿನಾಂಕ ಗೊತ್ತಿದ್ದವರು ಎರಡೂವರೆ ಮೂರು ತಿಂಗಳು ಮುಂಚೆ ಶುರು ಮಾಡಬೇಕು. ಕೊನೆಯ ವಾರದಲ್ಲಿ ಹೊಸದಾಗಿ ಶುರು ಮಾಡಿದರೆ ನೋವು ಹೊತ್ತುಕೊಂಡು ಓಡಬೇಕಾಗುತ್ತದೆ. ಪೂರ್ತಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಳೆಕಟ್ಟು ಮತ್ತೆ ಗಿಡ್ಡವಾಗತೊಡಗುತ್ತದೆ. ಹಾಗಾಗಿ ಹತ್ತು ವಾರ ಮುಗಿದ ಮೇಲೂ ವಾರಕ್ಕೆ ಒಂದು ದಿನವಾದರೂ ಇದನ್ನು ಇಟ್ಟುಕೊಳ್ಳಬೇಕು, ವೇಗದ ಓಟ ಇರುವ ದಿನದ ಹಿಂದಿನ ದಿನ ಬಿಟ್ಟು.